ಸೋತ ನಾಲ್ಕನೇ ದಿನಕ್ಕೇ ಮತ್ತೆ ಪರೀಕ್ಷೆಗೆ ಓಡುವುದೇಕೆ?

ಯುಕೆಗೆ ಹೋದ ನಮ್ಮ ಹುಡುಗರು ಡ್ರೈವಿಂಗ್ ಥಿಯರಿ ಟೆಸ್ಟಿನಲ್ಲಿ ಫೇಲಾದರೆ ಊರಿನಿಂದ ಹೋಗುವ ಫೋನು ಒಂದೇ ತರಹದ್ದು. 'ಇನ್ನೊಂದ್ಸಲ ಫೀಸು ಕಟ್ಟು ಮಾರಾಯ, ಈ ಸಲ ಆಗ್ತದೆ.' ಉಪ್ಪಳದಿಂದ ಬಾಪ ಹೇಳುತ್ತಾರೆ, ಮಂಗಳೂರಿನಿಂದ ಕಾಕ ಹೇಳುತ್ತಾರೆ, ಅಲ್ಲೇ ರೂಮಿನಲ್ಲಿರುವ ಗೆಳೆಯರೂ ಅದನ್ನೇ ಹೇಳುತ್ತಾರೆ. ಈ ಸಲಹೆ ತಪ್ಪು ಎಂದು ನಾನು ಜಗಳಕ್ಕೆ ನಿಲ್ಲುತ್ತೇನೆ.

ಅವಸರಕ್ಕೆ ಕಾರಣ ಇದೆ, ಒಪ್ಪುತ್ತೇನೆ. ಇಂಡಿಯಾದ ಲೈಸನ್ಸಿನಲ್ಲಿ ಅಲ್ಲಿ ಕಾರು ಓಡಿಸಬಹುದಾದದ್ದು ವಾಸಕ್ಕೆ ಹೋದ ದಿನದಿಂದ 12 ತಿಂಗಳು ಮಾತ್ರ. ನಮ್ಮ ಲೈಸನ್ಸನ್ನು ಅಲ್ಲಿನದಕ್ಕೆ ಬದಲಿಸಿಕೊಡುವುದಿಲ್ಲ. ಥಿಯರಿ ಪಾಸಾಗದೆ ರೋಡ್ ಟೆಸ್ಟಿಗೆ ದಿನ ಸಿಗುವುದಿಲ್ಲ, ರೋಡ್ ಟೆಸ್ಟಿಗೋ ತಿಂಗಳುಗಟ್ಟಲೆ ಕ್ಯೂ. ಮನೆಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ ಕೆಲಸದವನಿಗೆ ಕಾರಿಲ್ಲದಿದ್ದರೆ ಕೆಲಸವೇ ಹೋಗಬಹುದು. ಹಾಗಾಗಿ ಫೇಲಾದವನು ಮೊದಲು ನೋಡುವುದು ಕ್ಯಾಲೆಂಡರ್. ನಿಯಮದ ಪ್ರಕಾರ ಮುಂದಿನ ಪರೀಕ್ಷೆ ಕನಿಷ್ಠ 3 ಕೆಲಸದ ದಿನ ಬಿಟ್ಟು ಇರಬೇಕು, ಫೀಸು ಪ್ರತಿ ಸಲ 23 ಪೌಂಡ್. ಆ 'ಕನಿಷ್ಠ' ಎಂಬ ಮಾತನ್ನೇ ನಮ್ಮವರು 'ಇಷ್ಟು ಸಾಕು' ಎಂದು ಓದಿಕೊಳ್ಳುತ್ತಾರೆ.

ಪರೀಕ್ಷೆ ಎರಡು ಭಾಗದ್ದು. ಮೊದಲನೆಯದು 50 ಪ್ರಶ್ನೆ, 57 ನಿಮಿಷ, 43 ಸರಿ ಆಗಬೇಕು. ಎರಡನೆಯದು ವಿಡಿಯೋ. ಕಾರಿನೊಳಗಿನಿಂದ ರಸ್ತೆ ನೋಡಿದಂತೆ 14 ತುಣುಕುಗಳು ಬರುತ್ತವೆ, ಅಪಾಯ ಶುರುವಾಗುವುದನ್ನು ಕಂಡ ತಕ್ಷಣ ಮೌಸ್ ಒತ್ತಬೇಕು. ಒಂದು ತುಣುಕಿನಲ್ಲಿ ಎರಡು ಅಪಾಯ ಇರುತ್ತದೆ, ಒಟ್ಟು 15. ಒಂದೊಂದಕ್ಕೆ ಹೆಚ್ಚೆಂದರೆ 5 ಅಂಕ. 75ರಲ್ಲಿ 44 ಬೇಕು. ಒಂದು ಭಾಗದಲ್ಲಿ ಸೋತರೂ ಎರಡನ್ನೂ ಮತ್ತೆ ಬರೆಯಬೇಕು. ಪಾಸಾದ ಭಾಗವನ್ನು ಪುನಃ ಬರೆಸುವುದು ಅನ್ಯಾಯ ಅಂತ ನನಗೂ ಅನಿಸುತ್ತದೆ, ಆದರೆ ನಿಯಮ ಹಾಗಿದೆ.

ನಮ್ಮ ಕಡೆ ಹದಿನೈದು ವರ್ಷ ಗಾಡಿ ಓಡಿಸಿದವರು ಬೀಳುವುದು ಸಾಮಾನ್ಯವಾಗಿ ಈ ವಿಡಿಯೋದಲ್ಲಿ. ನನ್ನ ಮಾವನ ಮಗನ ಲೆಕ್ಕವನ್ನೇ ಹೇಳುತ್ತೇನೆ, ಅವನ ಒಪ್ಪಿಗೆ ಕೇಳಿಯೇ. ಕಾಸರಗೋಡು–ಮಂಗಳೂರು ಹೈವೇಯಲ್ಲಿ ಪಿಕಪ್ ಓಡಿಸಿ ಬೆಳೆದವನು. ಒಂದು ಸೋಮವಾರ ಮೊದಲ ಸಲ ಬರೆದ. ಪ್ರಶ್ನೆಯಲ್ಲಿ 46, ವಿಡಿಯೋದಲ್ಲಿ 38. ಫೇಲ್. ಅದೇ ರಾತ್ರಿ ಶುಕ್ರವಾರಕ್ಕೆ ಬುಕ್ ಮಾಡಿದ. ಶುಕ್ರವಾರ ಪ್ರಶ್ನೆಯಲ್ಲಿ 44, ವಿಡಿಯೋದಲ್ಲಿ 40. ಮತ್ತೆ ಫೇಲ್. ಐದು ದಿನದೊಳಗೆ 46 ಪೌಂಡ್ ಹೋಯಿತು. ಗೆದ್ದಿದ್ದ ಭಾಗವೂ ದಡದ ಹತ್ತಿರಕ್ಕೆ ಬಂದು ನಿಂತಿತು, ಯಾಕೆಂದರೆ ಅದನ್ನವನು ತಿರುಗಿ ನೋಡಿಯೇ ಇರಲಿಲ್ಲ.

ಆಮೇಲೆ ಫೋನಿನಲ್ಲಿ ಕೂತು ಕೇಳಿದೆ, ಸೋಮವಾರ ಸ್ಕ್ರೀನಿನಲ್ಲಿ ಏನಾದರೂ ಬಂತಾ ಎಂದು. ಬಂದಿತ್ತು. ಮೂರು ತುಣುಕಿನ ಕೊನೆಗೆ, ನೀವು ಒತ್ತಿದ ರೀತಿ ಸರಿಯಿಲ್ಲ, ಇದಕ್ಕೆ ಸೊನ್ನೆ ಎಂಬ ಸೂಚನೆ. ಪೇಟೆಯ ರಸ್ತೆ ಬಂದಾಗಲೆಲ್ಲ ಇವನು ಟೈಪ್ ಹೊಡೆದಂತೆ ಒತ್ತಿದ್ದ. ಒಂದೇ ತಾಳದಲ್ಲಿ, ಅಥವಾ ಬಿಡದೆ ಒತ್ತಿದರೆ ಕಂಪ್ಯೂಟರ್ ಅದನ್ನು ಮೋಸವೆಂದು ಹಿಡಿಯುತ್ತದೆ. ಈಗ ಲೆಕ್ಕ ನೋಡಿ. ಆ ಮೂರರಲ್ಲಿ ಒಂದೊಂದೇ ಅಪಾಯ ಇತ್ತು ಎಂದುಕೊಂಡರೂ ಉಳಿದ 12 ಅಪಾಯಗಳಿಂದಲೇ ಅವನಿಗೆ 38 ಬಂದಿದೆ, ಅಂದರೆ ತಲಾ 3ಕ್ಕಿಂತ ಹೆಚ್ಚು. ಆ ಮೂರರಲ್ಲೂ ತಲಾ 3 ಸಿಕ್ಕಿದ್ದರೆ 47, ಪಾಸು. ಅವನ ಕಣ್ಣು ಸರಿಯಿತ್ತು, ಕೆಟ್ಟದ್ದು ಬೆರಳು.

ಶುಕ್ರವಾರ ಅದಕ್ಕೆ ಹೆದರಿ ಒಂದು ತುಣುಕಿಗೆ ಒಂದೇ ಸಲ ಒತ್ತಿದ. ಸೂಚನೆ ಬರಲಿಲ್ಲ, ಅಂಕವೂ ಬರಲಿಲ್ಲ. ಇಲ್ಲಿ ಅವನ ಅನುಭವವೇ ಶತ್ರು. ರಸ್ತೆ ಪಕ್ಕ ನಿಂತ ಕಾರು ಕಂಡರೆ ನಮ್ಮವನಿಗೆ ಅಲ್ಲೇ ಗೊತ್ತಾಗುತ್ತದೆ, ಇದು ಹೊರಗೆ ಬರುತ್ತದೆ ಎಂದು. ಒತ್ತುತ್ತಾನೆ. ಆದರೆ ಸುಮ್ಮನೆ ನಿಂತ ಕಾರಿಗೆ ಅಂಕವಿಲ್ಲ. ಅದರ ಇಂಡಿಕೇಟರ್ ಹತ್ತಿ, ಮುಂದಿನ ಚಕ್ರ ತಿರುಗಿ, ನಾವು ವೇಗವನ್ನೋ ದಾರಿಯನ್ನೋ ಬದಲಿಸಲೇಬೇಕು ಎನ್ನುವ ಹಂತ ಶುರುವಾದಾಗಲೇ ಅಂಕದ ಬಾಗಿಲು ತೆರೆಯುವುದು. ತೆರೆದ ಕೂಡಲೇ ಒತ್ತಿದರೆ 5, ತಡವಾದಂತೆ 4, 3 ಎಂದು ಇಳಿಯುತ್ತದೆ. ಬಾಗಿಲು ತೆರೆಯುವ ಮೊದಲೇ ಒಂದು ಸಲ ಒತ್ತಿ ಕೈಕಟ್ಟಿ ಕೂತವನಿಗೆ ಸೊನ್ನೆ. ಆದ್ದರಿಂದ ಅನುಮಾನ ಬಂದಾಗ ಒಂದು, ಅದು ಚಲಿಸಿದಾಗ ಇನ್ನೊಂದು, ಬೇಕಿದ್ದರೆ ಮತ್ತೊಂದು. ಅಷ್ಟು ಒತ್ತಿದರೆ ಯಾರೂ ಮೋಸ ಎನ್ನುವುದಿಲ್ಲ.

ಒಟ್ಟು ಅಂಕ ಕಡಿಮೆ, ಸೂಚನೆಯೂ ಬಂತು ಅಂದರೆ ಒತ್ತುವ ರೀತಿಯ ದೋಷ. ಸೂಚನೆ ಬರದೆ ಅಂಕ ಕಡಿಮೆ ಅಂದರೆ ಬೇಗ ಅಥವಾ ತಡ. ಎರಡಕ್ಕೂ ಮದ್ದು ಬೇರೆ ಬೇರೆ. ಮದ್ದು ಯಾವುದೆಂದು ನೋಡದೆ ಮತ್ತೆ ಫೀಸು ಕಟ್ಟುವುದು, ಸುಟ್ಟ ಫ್ಯೂಸಿನ ಕಾರಣ ಹುಡುಕದೆ ಹೊಸ ಫ್ಯೂಸು ಹಾಕಿದ ಹಾಗೆ.

ಮೂರನೇ ಸಲಕ್ಕೆ ಅವನು ಮೂರು ವಾರ ತೆಗೆದುಕೊಂಡ. ದಿನಕ್ಕೆ ಹತ್ತು ಅಭ್ಯಾಸದ ತುಣುಕು, ಅದೂ ಮೊಬೈಲಿನಲ್ಲಲ್ಲ, ಲ್ಯಾಪ್‌ಟಾಪಿಗೆ ಮೌಸ್ ಹಾಕಿ, ಏಕೆಂದರೆ ಪರೀಕ್ಷೆಯಲ್ಲಿ ಕೈಗೆ ಸಿಗುವುದು ಮೌಸ್. ಪ್ರತಿ ತುಣುಕು ಮುಗಿದ ಮೇಲೆ ಅಂಕದ ಬಾಗಿಲು ಎಲ್ಲಿ ತೆರೆಯಿತು, ತಾನು ಎಲ್ಲಿ ಒತ್ತಿದೆ ಎಂದು ಹಿಂದಕ್ಕೆ ಹಾಕಿ ನೋಡುವುದು. ಕೆಲಸಕ್ಕೆ ಹೋಗುವಾಗ ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಮುಂದಿನ ಸೀಟು. ಅಲ್ಲಿ ಕೂತು ಬ್ಯಾರಿಯಲ್ಲೇ ಪಿಸುಗುಟ್ಟುತ್ತಿದ್ದನಂತೆ, ನಿಂತಿದೆ, ನಿಂತಿದೆ, ಈಗ ಹೊರಟಿತು, ಎಂದು. ಅಕ್ಕಪಕ್ಕದವರು ಏನೆಂದುಕೊಂಡರೋ! ಪ್ರಶ್ನೆಯ ಭಾಗಕ್ಕೆ ಫಲಿತಾಂಶದ ಕಾಗದದಲ್ಲಿ ಯಾವ ವಿಷಯದಲ್ಲಿ ಅಂಕ ಹೋಯಿತು ಎಂದು ಬರೆದಿರುತ್ತದೆ. ಅಷ್ಟನ್ನು ಹೈವೇ ಕೋಡಿನಲ್ಲಿ ಓದಿ, ದಿನಕ್ಕೊಂದು ಮಾದರಿ ಪರೀಕ್ಷೆ ಬರೆದ. ಕೊನೆಗೆ 48 ಮತ್ತು 55. ಒಟ್ಟು ಖರ್ಚು 69 ಪೌಂಡ್. ಮೊದಲ ಸೋಲಿನ ನಂತರವೇ ಆ ಮೂರು ವಾರ ಕಾದಿದ್ದರೆ 46ರಲ್ಲಿ ಮುಗಿಯಬಹುದಿತ್ತು, ನಾಲ್ಕೈದು ದಿನ ಬೇಗ ಕೂಡ.

'ಇಂಗ್ಲಿಷ್ ಬಾರದವರನ್ನು ಸೋಲಿಸುವ ಪರೀಕ್ಷೆ' ಎನ್ನುವವರಿದ್ದಾರೆ. 2014ರ ಏಪ್ರಿಲ್‌ವರೆಗೆ 19 ಬೇರೆ ಭಾಷೆಗಳಲ್ಲಿ ಪ್ರಶ್ನೆ ಕೇಳಿಸಿಕೊಳ್ಳುವ ಸೌಕರ್ಯ ಇತ್ತು, ಹಿಂದಿ, ತಮಿಳು ಸೇರಿ. ಕನ್ನಡ ಆಗಲೂ ಇರಲಿಲ್ಲ. ಈಗ ಇಂಗ್ಲಿಷ್, ವೆಲ್ಷ್ ಅಷ್ಟೆ. 50 ಪ್ರಶ್ನೆಯಲ್ಲಿ ಸೋತವನಿಗೆ ಈ ದೂರು ನ್ಯಾಯವೇ. ಆದರೆ ವಿಡಿಯೋದಲ್ಲಿ ಸೋತವನು ಇದನ್ನು ಹೇಳಿದರೆ ನಾನು ಕೇಳುವುದಿಲ್ಲ, ನಿಂತ ಕಾರು ಹೊರಡುವುದಕ್ಕೆ ಭಾಷೆ ಬೇಡ.

ಇನ್ನು ಸೋತವರ ಹಿಂದೆ ಬೀಳುವವರು. ಬುಕ್ ಮಾಡಿಕೊಡುತ್ತೇವೆ ಎಂದು 23ರ ಮೇಲೆ ಕೇಳುವ ವೆಬ್‌ಸೈಟುಗಳಿವೆ, gov.uk ಬಿಟ್ಟು ಬೇರೆಲ್ಲೂ ಕಟ್ಟಬೇಕಾಗಿಲ್ಲ. ನಿಮ್ಮ ಬದಲು ಬೇರೆಯವರು ಬರೆಯುತ್ತಾರೆ, ಕಿವಿಗೆ ಬ್ಲೂಟೂತ್ ಹಾಕಿ ಉತ್ತರ ಹೇಳುತ್ತೇವೆ ಎನ್ನುವವರೂ ಇದ್ದಾರೆ. ಅಲ್ಲಿ ಇದಕ್ಕೆ ಜೈಲಾಗಿದೆ. ಫೋನಿನಲ್ಲಿ 'ಹೇಗಾದರೂ ಪಾಸು ಮಾಡಿಕೋ' ಎನ್ನುವ ಹಿರಿಯರು ಆ 'ಹೇಗಾದರೂ' ಮಗನ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ಯೋಚಿಸುತ್ತಾರೋ ಇಲ್ಲವೋ.

12 ತಿಂಗಳಲ್ಲಿ ಹತ್ತು ಕಳೆದವನು ಏನು ಮಾಡಬೇಕು ಎಂದು ಕೇಳಿದರು ಒಬ್ಬರು. ಅವನಿಗೂ ನನ್ನ ಉತ್ತರ ಬೇರೆಯಲ್ಲ. ಅವಧಿ ಮುಗಿದ ಮೇಲೆ ಅಲ್ಲಿನ ಕಲಿಯುವವರ ಲೈಸನ್ಸಿನಲ್ಲಿ, ಕಾರಿಗೆ ಎಲ್ ಬೋರ್ಡು ಹಾಕಿ, ಪಕ್ಕದಲ್ಲಿ 21 ತುಂಬಿದ, ಮೂರು ವರ್ಷದ ಲೈಸನ್ಸ್ ಇದ್ದವರನ್ನು ಕೂರಿಸಿ ಮಾತ್ರ ಓಡಿಸಬಹುದು. ಕೆಲಸಕ್ಕೆ ಆಗುವುದಿಲ್ಲ ನಿಜ. ಹಾಗಾಗಿ ಆ ಮಾತನ್ನು ಕೆಲಸ ಕೊಟ್ಟವರ ಹತ್ತಿರ ಈಗಲೇ ಆಡಿ, ಬಸ್ಸಿನಲ್ಲಿ ಹೋಗಿಬರಬಹುದಾದ ಮನೆಗಳ ಪಾಳಿ ಕೇಳಬೇಕು. ಥಿಯರಿ ಪಾಸಿನ ಸರ್ಟಿಫಿಕೇಟಿಗೆ 2 ವರ್ಷ ಆಯಸ್ಸು ಇದೆ, ರೋಡ್ ಟೆಸ್ಟಿಗೆ ಕಾಯಲು ಅಷ್ಟು ಸಾಕು. ಶುಕ್ರವಾರದ ಸ್ಲಾಟ್ ಖಾಲಿ ಕಂಡಿತೆಂದು ಒತ್ತುವ ಮೊದಲು, ಸೋಮವಾರದ ಕಾಗದವನ್ನೊಮ್ಮೆ ಜೇಬಿನಿಂದ ತೆಗೆದು ಓದಲಿ.