ನಕ್ಷೆಯನ್ನು ಸ್ಕಿಪ್ ಮಾಡಬೇಡಿ

ಶಹಾಡಿನಿಂದ ದಾದರ್ ತಲುಪುವಷ್ಟರಲ್ಲಿ ಮೊಬೈಲಿನಲ್ಲಿ ಒಂದು ಎಪಿಸೋಡ್ ಹೆಚ್ಚುಕಡಿಮೆ ಮುಗಿಯುತ್ತದೆ. ಆದರೆ ‘ಗೇಮ್ ಆಫ್ ಥ್ರೋನ್ಸ್’ ಶುರುಮಾಡಿದ ಹಲವರು, ಯಾರು ಯಾರ ಮಗ ಎಂದೇ ತಿಳಿಯದೆ ಠಾಣೆ ಬರುವಷ್ಟರಲ್ಲಿ ಬಿಟ್ಟುಬಿಡುತ್ತಾರೆ. ತಪ್ಪು ಅವರದಲ್ಲ. ಮೊದಲು ಚಿತ್ರಿಸಿದ ಪ್ರಾಯೋಗಿಕ ಕಂತನ್ನು ನೋಡಿದ ನಿರ್ಮಾಪಕರ ಗೆಳೆಯರಿಗೇ ಜೇಮಿ ಮತ್ತು ಸೆರ್ಸಿ ಒಡಹುಟ್ಟಿದವರೆಂದು ಗೊತ್ತಾಗಿರಲಿಲ್ಲ! ಕಂತಿನ ಬಹುಭಾಗವನ್ನು ಮತ್ತೆ ಚಿತ್ರಿಸಬೇಕಾಯಿತು. 2011ರಲ್ಲಿ ಪ್ರಸಾರವಾದ ಕಂತಿನಲ್ಲಿ ಜೇಮಿ ತಾನು ಸಹೋದರನೆಂದು ಬಾಯಿಬಿಟ್ಟೇ ಹೇಳುತ್ತಾನೆ.

ಹಾಗಾಗಿ ಹೆಸರುಗಳ ಬೆನ್ನು ಹತ್ತಬೇಡಿ, ಊರುಗಳನ್ನು ಹಿಡಿಯಿರಿ. ಶೀರ್ಷಿಕೆಯ ನಕ್ಷೆಯಲ್ಲಿ ಮೊದಲ ಕಂತಿಗೆ ನಾಲ್ಕೇ ಜಾಗಗಳು: ಕಿಂಗ್ಸ್ ಲ್ಯಾಂಡಿಂಗ್, ವಿಂಟರ್‌ಫೆಲ್, ಉತ್ತರದ ಗೋಡೆ, ಕಡಲಾಚೆಯ ಪೆಂಟೋಸ್. ಯಕ್ಷಗಾನದಲ್ಲಿ ಬಣ್ಣದ ವೇಷ ಕಂಡೊಡನೆ ರಾಕ್ಷಸನೆಂದು ತಿಳಿಯುವಂತೆ, ಇಲ್ಲಿ ಕೂದಲು ನೋಡಿ. ಹೊನ್ನಗೂದಲಿದ್ದರೆ ಲ್ಯಾನಿಸ್ಟರ್, ಬೆಳ್ಳಿಗೂದಲಿದ್ದರೆ ಟಾರ್ಗೇರಿಯನ್. ವಿಂಟರ್‌ಫೆಲ್‌ನ ಮನೆಯವರು ಸ್ಟಾರ್ಕರು.

ಕಂತು ಮುಗಿದಾಗ ಮೂರು ಸಂಗತಿ ಹೇಳಲು ಬಂದರೆ ನೀವು ದಾರಿ ತಪ್ಪಿಲ್ಲ. ಮಂತ್ರಿ ಸತ್ತ, ಆ ಸ್ಥಾನಕ್ಕೆ ಕರೆಯಲು ರಾಜ ವಿಂಟರ್‌ಫೆಲ್‌ಗೆ ಬಂದ. ಪೆಂಟೋಸ್‌ನಲ್ಲಿ ಅಣ್ಣನೊಬ್ಬ ಸೈನ್ಯದ ಆಸೆಗೆ ತಂಗಿಯನ್ನು ಮದುವೆ ಮಾಡಿಕೊಟ್ಟ. ಗೋಡೆಯಾಚೆ ಸತ್ತವರು ಎದ್ದು ನಡೆದರು. ಈ ಮೂರೂ ಎಳೆಗಳನ್ನು ಈಗಲೇ ಹೆಣೆಯಲು ಹೋಗಬೇಡಿ; ಕಡಲಾಚೆಯ ಕಥೆ ಈಚೆಗೆ ಸೇರಲು ಹಲವು ಸೀಸನ್ ಬೇಕು.

ಒಂದು ಎಚ್ಚರ: ಹೆಸರನ್ನು ಗೂಗಲ್ ಮಾಡಿದರೆ ವಂಶವೃಕ್ಷದ ಜೊತೆಗೆ ಅವರು ಸಾಯುವ ಬಗೆಯೂ ಸಿಕ್ಕಿಬಿಡುತ್ತದೆ.