ಪಾಸ್‌ಬುಕ್ ಯಾರ ಪುಸ್ತಕ?

ಪ್ರಥಮ ಪಿಯುಸಿಯಲ್ಲಿ ಅಕೌಂಟೆನ್ಸಿ ತರಗತಿ ಎಂದರೆ ನನಗೆ ನಿದ್ದೆ. ಬ್ಯಾಂಕ್ ರೀಕನ್ಸಿಲಿಯೇಶನ್ ಪಾಠದಲ್ಲಿ ಯಾವುದನ್ನು ಕೂಡಿಸಬೇಕು, ಯಾವುದನ್ನು ಕಳೆಯಬೇಕು ಎಂದು ಬರೆಸಿದರು, ಕಾರಣ ಹೇಳಲಿಲ್ಲ. ಬಾಯಿಪಾಠ ಮಾಡಿದೆ, ಟೆಸ್ಟ್‌ನಲ್ಲಿ ಮರೆತೆ.

ಒಮ್ಮೆ ಅಬ್ಬಾ ಅವರ ಅಂಗಡಿಯ ಪಾಸ್‌ಬುಕ್ ತೆರೆದು ನೋಡಿದೆ. ನಾವು ಕಟ್ಟಿದ ಹಣ ನಮ್ಮ ಕ್ಯಾಶ್ ಬುಕ್‌ನಲ್ಲಿ ಡೆಬಿಟ್, ಅಲ್ಲಿ ಕ್ರೆಡಿಟ್! ಆಗ ಹೊಳೆಯಿತು: ಪಾಸ್‌ಬುಕ್ ಬ್ಯಾಂಕಿನ ಲೆಕ್ಕ. ನಮ್ಮ ಹಣ ಬ್ಯಾಂಕಿಗೆ ಸಾಲ.

ಆಮೇಲೆ ಪ್ರತಿ ಲೆಕ್ಕದಲ್ಲೂ ಒಂದೇ ಪ್ರಶ್ನೆ ಕೇಳಿಕೊಂಡೆ: ಈ ವಿಷಯ ಯಾರಿಗೆ ಇನ್ನೂ ಗೊತ್ತಿಲ್ಲ? ಕ್ಯಾಶ್ ಬುಕ್‌ನಲ್ಲಿ 10,000 ರೂಪಾಯಿ ಇದೆ ಎನ್ನಿ. ನಾವು ಜಮಾ ಮಾಡಿದ 3,000ದ ಚೆಕ್ ಇನ್ನೂ ಪಾಸಾಗಿಲ್ಲ. ಬ್ಯಾಂಕ್ ಅದನ್ನು ಸೇರಿಸಿಲ್ಲ, ಆದ್ದರಿಂದ ಕಳೆಯಬೇಕು. ನಾವು ಕೊಟ್ಟ 1,200ರ ಚೆಕ್ ಬ್ಯಾಂಕಿಗೆ ಇನ್ನೂ ಹೋಗಿಲ್ಲ. ಅಲ್ಲಿ ಹಣ ಇಳಿದಿಲ್ಲ, ಆದ್ದರಿಂದ ಕೂಡಿಸಬೇಕು. ಪಾಸ್‌ಬುಕ್ ಬಾಕಿ 8,200. ಪಾಸ್‌ಬುಕ್‌ನಿಂದ ಶುರುಮಾಡಿದರೆ ಇದೆಲ್ಲ ತಿರುಗುಮುರುಗು. ನಾನು ಟೆಸ್ಟ್‌ನಲ್ಲಿ ಎಡವಿದ್ದು ಅಲ್ಲೇ.

ಎನ್‌ಸಿಇಆರ್‌ಟಿ ಜಾಲತಾಣದಲ್ಲಿ 11ನೇ ತರಗತಿಯ ಪುಸ್ತಕ ಉಚಿತ. ಅದರ ಬಿಡಿಸಿದ ಲೆಕ್ಕಗಳ ಉತ್ತರ ಮುಚ್ಚಿಟ್ಟು ಮಾಡಿದೆ. ಬರೆಸಿದ ಪಟ್ಟಿ ತಪ್ಪಾಗಿರಲಿಲ್ಲ, ಆದರೆ ಪಾಠ ಅಲ್ಲಿಂದ ಶುರುವಾಗಬಾರದಿತ್ತು. ಮೊದಲು ಮನೆಯ ಪಾಸ್‌ಬುಕ್ ತೆರೆಯಿರಿ, ಪಟ್ಟಿ ಆಮೇಲೆ.