ಚುರುಮುರಿ ಅಂಗಡಿಯ ಲಾಭ ನಿಜವಾಗಲಿ: ಪದವಿಪೂರ್ವ ಶಿಕ್ಷಣ ಇಲಾಖೆಯ ನಿರ್ದೇಶಕರಿಗೆ ಬಹಿರಂಗ ಪತ್ರ

ಮಾನ್ಯರೇ,

ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಪ್ರಾಜೆಕ್ಟ್ ಹೆಸರಿನಲ್ಲಿ ಒಂದು ದಿನದ ಅಂಗಡಿ ಇಟ್ಟು ಲಾಭ-ನಷ್ಟದ ಲೆಕ್ಕ ಬರೆದು ಒಪ್ಪಿಸುವುದು ಒಳ್ಳೆಯ ಪದ್ಧತಿ. ಪ್ರಾಥಮಿಕ ಶಾಲೆಯ ಮಕ್ಕಳ ಸಂತೆಯಲ್ಲಿ ಸೊಪ್ಪು ತೂಗಿ ಚಿಲ್ಲರೆ ಕೊಡಲು ಕಲಿತ ಮಕ್ಕಳು ಪಿಯುಸಿಗೆ ಬಂದಾಗ ಅದರ ಮುಂದಿನ ಹೆಜ್ಜೆ ಇಡುವ ಜಾಗ ಇದು. ಆದರೆ ಇಂಥ ಪ್ರಾಜೆಕ್ಟಿನಲ್ಲಿ ಮಾರಿ ಬಂದ ಹಣದಿಂದ ಕೈಯಿಂದ ಕೊಟ್ಟ ಹಣವನ್ನು ಕಳೆದು, ಉಳಿದದ್ದನ್ನೇ ಲಾಭ ಎಂದು ಬರೆಯುವುದು ಬಹಳ ಸುಲಭ. ಅದು ಲಾಭವಲ್ಲ. ಅಂಗಡಿ ತೆರೆಯುವ ಮುನ್ನವೇ ವೆಚ್ಚಪಟ್ಟಿ ಬರೆಯುವುದನ್ನು ಕಡ್ಡಾಯ ಮಾಡಬೇಕು, ಅಂಕವನ್ನು ಲಾಭಕ್ಕಲ್ಲ, ದಾಖಲೆಗೆ ಕೊಡಬೇಕು ಎಂಬುದು ನನ್ನ ಬೇಡಿಕೆ.

ಒಂದು ಲೆಕ್ಕವನ್ನೇ ಹಿಡಿದು ನೋಡೋಣ. ನಾಲ್ವರು ವಿದ್ಯಾರ್ಥಿಗಳು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಚುರುಮುರಿ ಅಂಗಡಿ ಇಡುತ್ತಾರೆ, 80 ಪೊಟ್ಟಣಕ್ಕೆ ಸಾಮಾನು ಹೊಂದಿಸುತ್ತಾರೆ ಎಂದಿಟ್ಟುಕೊಳ್ಳಿ. ಮಂಡಕ್ಕಿ, ಕಡಲೆಕಾಯಿ, ಟೊಮೆಟೊ, ಕಾಗದಕ್ಕೆ ಅಂಗಡಿಯಲ್ಲಿ 480 ರೂಪಾಯಿ ಕೊಡುತ್ತಾರೆ. ಈರುಳ್ಳಿ, ಎಣ್ಣೆ, ಖಾರದಪುಡಿ ಮನೆಯಿಂದ ಬರುತ್ತವೆ. ಪೇಟೆ ದರದಲ್ಲಿ ಅವುಗಳ ಬೆಲೆ 160. ಫಲಕಕ್ಕೂ ಪಾತ್ರೆಯ ಬಾಡಿಗೆಗೂ ತರಗತಿಯ ನಿಧಿಯಿಂದ 200 ಹೋಗುತ್ತದೆ. ಪೊಟ್ಟಣಕ್ಕೆ 15 ರೂಪಾಯಿಯಂತೆ 64 ಮಾರಾಟವಾಗಿ 960 ಬರುತ್ತದೆ. ಆಗ ಮಕ್ಕಳು 960ರಲ್ಲಿ 480 ಕಳೆದು, 480 ರೂಪಾಯಿ ಲಾಭ ಎಂದು ಬರೆಯುತ್ತಾರೆ. ಮನೆಯ ಈರುಳ್ಳಿ ಪುಕ್ಕಟೆಯಲ್ಲ. ಅದು ಸರಕಿನ ರೂಪದಲ್ಲಿ ತಂದ ಬಂಡವಾಳ, ಹಾಗಾಗಿ ಖರೀದಿಯಲ್ಲೂ ಬಂಡವಾಳದಲ್ಲೂ ದಾಖಲಾಗಬೇಕು. ನಿಧಿಯ 200 ಯಾರ ಜೇಬಿನಿಂದ ಹೋದರೂ ವೆಚ್ಚವೇ. ಅಲ್ಲಿಗೆ ಒಟ್ಟು ವೆಚ್ಚ 840.

ಇನ್ನು ಉಳಿದ 16 ಪೊಟ್ಟಣದ ಸಾಮಾನು. ವಿದ್ಯಾರ್ಥಿ ನಿಜಕ್ಕೂ ಲೆಕ್ಕಶಾಸ್ತ್ರ ಕಲಿಯುವುದು ಇಲ್ಲಿಯೇ. ಪೊಟ್ಟಣಕ್ಕೆ 8 ರೂಪಾಯಿಯಂತೆ ಅದರ ಅಸಲು 128. ಆದರೆ ಹೆಚ್ಚಿಟ್ಟ ಟೊಮೆಟೊ, ಈರುಳ್ಳಿ ಸಂಜೆಗೆ ನೀರೊಡೆಯುತ್ತವೆ. ಮಂಡಕ್ಕಿ, ಕಡಲೆಕಾಯಿ, ಕಾಗದ ಮಾತ್ರ ನಾಳೆಗೂ ಬರುತ್ತವೆ. ಹಾಗೆ ಬರುವುದರ ಬೆಲೆ 48 ಎಂದಾದರೆ ಅಂತಿಮ ಸರಕು ಅಷ್ಟೇ, ಮಿಕ್ಕ 80 ಹಾಳಾದದ್ದು. ಈಗ ಲಾಭ 168. ನಾಲ್ವರೂ ಎರಡೆರಡು ಗಂಟೆ ದುಡಿದಿದ್ದಾರೆ. ಯಾರಿಗೂ ಕೂಲಿ ಕೊಡದ ಕಾರಣ ಅದು ಲಾಭ-ನಷ್ಟ ಖಾತೆಗೆ ಬರುವುದಿಲ್ಲ, ನಿಜ. ಆದರೆ ಬೆಲೆ ಕಟ್ಟುವ ವೆಚ್ಚಪಟ್ಟಿಯಲ್ಲಿ ಅದಕ್ಕೆ ಒಂದು ಸಾಲು ಬೇಕೇ ಬೇಕು. ಗಂಟೆಗೆ 30 ರೂಪಾಯಿ ಹಿಡಿದರೂ 240 ಆಗುತ್ತದೆ, ಆ 168 ಕರಗಿ 72 ರೂಪಾಯಿ ಕೊರತೆ ಕಾಣುತ್ತದೆ. ಬೀದಿ ಬದಿಯ ಚುರುಮುರಿಯವರು ದಿನವಿಡೀ ನಿಂತು ಗಳಿಸುವುದು ಈ ಸಾಲಿನಲ್ಲಿರುವ ಹಣವನ್ನೇ ಎಂದು ಆಗ ವಿದ್ಯಾರ್ಥಿಗೆ ಅರ್ಥವಾಗುತ್ತದೆ. ಸಂಜೆ ಉಳಿದದ್ದನ್ನು 10 ರೂಪಾಯಿಗೆ ಕೊಡಬಹುದೇ ಎಂಬ ಪ್ರಶ್ನೆಗೂ ಇದೇ ಪಟ್ಟಿ ಉತ್ತರ ಹೇಳುತ್ತದೆ: ಮಾರದೆ ಇಟ್ಟರೆ ಪೊಟ್ಟಣಕ್ಕೆ 3 ರೂಪಾಯಿಯ ಸಾಮಾನು ಮಾತ್ರ ಉಳಿಯುತ್ತದೆ, ಆದ್ದರಿಂದ 10ಕ್ಕೆ ಮಾರಿದರೆ 7 ರೂಪಾಯಿ ಗಳಿಕೆಯೇ.

ಉಪನ್ಯಾಸಕರ ಮೇಲೆ ಇನ್ನೊಂದು ಹೊರೆ ಬೀಳುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ದೊಡ್ಡ ತರಗತಿಯಲ್ಲಿ ಪ್ರತಿ ಪುಸ್ತಕವನ್ನೂ ಸಾಲು ಸಾಲಾಗಿ ನೋಡುವುದು ಸಾಧ್ಯವಿಲ್ಲ. ಅದರ ಅಗತ್ಯವೂ ಇಲ್ಲ. ಹಿಂದಿನ ದಿನ ವೆಚ್ಚಪಟ್ಟಿಗೆ ಒಂದು ಸಹಿ, ಅಂಗಡಿ ಮುಚ್ಚಿದ ಕೂಡಲೇ ಡಬ್ಬಿಯ ಹಣ ಎಣಿಸಿ ನಗದು ಪುಸ್ತಕದ ಶಿಲ್ಕಿನ ಪಕ್ಕ ಇನ್ನೊಂದು ಸಹಿ, ಇಷ್ಟು ಸಾಕು. ಮೇಲಿನ ಗುಂಪು 500 ರೂಪಾಯಿ ಚಿಲ್ಲರೆಯೊಂದಿಗೆ ಅಂಗಡಿ ತೆರೆದು, ಆ ದಿನ ಡಬ್ಬಿಯಿಂದ ಏನನ್ನೂ ಕೊಡದಿದ್ದರೆ ಮುಚ್ಚುವಾಗ 1,460 ಇರಬೇಕು. ಹತ್ತಿಪ್ಪತ್ತು ಹೆಚ್ಚುಕಡಿಮೆ ಬಂದರೆ ಅದನ್ನು ಮುಚ್ಚಿಡದೆ ಬರೆಯಲಿ. ಚಿಲ್ಲರೆ ಕೊಡುವಾಗ ತಪ್ಪಾಗುವುದು ಸಹಜ. ಬದಲಿಗೆ ಎಲ್ಲ ಮೊತ್ತವೂ ಗುಂಡು ಸಂಖ್ಯೆಯಾಗಿದ್ದು, ಇಡೀ ಪುಸ್ತಕ ಒಂದೇ ಕೂತಲ್ಲಿ ಬರೆದಂತಿದ್ದು, ಉಳಿಕೆ ಸರಕಿನ ಸಾಲೇ ಇಲ್ಲದಿದ್ದರೆ ಅದು ಮನೆಯಲ್ಲಿ ಕಟ್ಟಿದ ಲೆಕ್ಕ ಎಂದು ಅನುಮಾನಿಸಬಹುದು.

ಲಾಭಕ್ಕೆ ಅಂಕ ಕೊಡದಿದ್ದರೆ ಮಕ್ಕಳಿಗೆ ಹುಮ್ಮಸ್ಸು ಎಲ್ಲಿಂದ ಬರಬೇಕು ಎಂದೂ ಕೇಳಬಹುದು. ಲಾಭಕ್ಕೆ ಅಂಕವಿದ್ದರೆ ಗೆಲ್ಲುವುದು ಮನೆಯಿಂದ ಹೆಚ್ಚು ಸಾಮಾನು ತರಬಲ್ಲ, ನೆಂಟರಿಷ್ಟರಿಗೆ ಹೆಚ್ಚು ಮಾರಬಲ್ಲ ಗುಂಪು. ಬಡ ಮನೆಯ ಮಗು ಅಲ್ಲಿ ಮೊದಲೇ ಸೋತಿರುತ್ತದೆ. ನಷ್ಟ ತೋರಿಸಿ, ಅದು ಹಾಳಾದ ಸರಕಿನಿಂದ ಬಂತೋ ಕಡಿಮೆ ಬೆಲೆಯಿಂದ ಬಂತೋ ಎಂದು ಬಿಡಿಸಿ ಹೇಳುವ ವಿದ್ಯಾರ್ಥಿಗೆ ಪೂರ್ಣ ಅಂಕ ಸಿಗುವಂತಿರಬೇಕು.

ಆದ್ದರಿಂದ ಮುಂದಿನ ಶೈಕ್ಷಣಿಕ ವರ್ಷದ ಪ್ರಾಜೆಕ್ಟ್ ಸೂಚನೆಯಲ್ಲಿ ಮೂರು ಪುಟಗಳ ನಮೂನೆಯೊಂದನ್ನು ಸೇರಿಸಿ: ಮಾರಾಟಕ್ಕೆ ಮುನ್ನ ಸಹಿಯಾದ ವೆಚ್ಚಪಟ್ಟಿ, ಆ ದಿನದ ನಗದು ಪುಸ್ತಕ, ಉಳಿಕೆ ಸರಕನ್ನು ಒಳಗೊಂಡ ಲಾಭ-ನಷ್ಟ ಖಾತೆ. ಮನೆಯಿಂದ ತಂದ ಸಾಮಾನಿಗೂ ಸ್ವಂತ ದುಡಿಮೆಗೂ ವೆಚ್ಚಪಟ್ಟಿಯಲ್ಲಿ ಪ್ರತ್ಯೇಕ ಕಾಲಂ ಇರಲಿ.

ಇಂತಿ,
ವಾಣಿಜ್ಯ ಶಿಕ್ಷಣದ ಹಿತೈಷಿ